ಹೊಸ ಆ್ಯಪ್ ಬಂದ ದಿನವೇ ಸೇರಬೇಕೆ? 28 ದಿನದ ಒಂದು ಪರೀಕ್ಷೆ

“ಹೊಸದೊಂದು ಆ್ಯಪ್ ಬಂದಿದೆ, ನಮ್ಮವರೆಲ್ಲ ಸೇರ್ತಾ ಇದ್ದಾರೆ. ಮೊದಲು ಹೋದವರಿಗೆ ಫಾಲೋವರ್ಸ್ ಬೇಗ ಸಿಗ್ತಾರಂತೆ. ನಾನೂ ಈಗಲೇ ಸೇರಲಾ, ಸ್ವಲ್ಪ ದಿನ ಕಾದು ನೋಡಲಾ?”

ನಿಮ್ಮ ಹೆಸರನ್ನು ಇವತ್ತೇ ನೋಂದಾಯಿಸಿಕೊಳ್ಳಿ, ದುಡಿಮೆಯನ್ನು ಮಾತ್ರ ತಡೆದಿಡಿ. ಹೆಸರು ಹಿಡಿದಿಡಲು ಹತ್ತು ನಿಮಿಷ ಸಾಕು. ಅದನ್ನು ಬೇರೆ ಯಾರಾದರೂ ತೆಗೆದುಕೊಂಡರೆ ಮತ್ತೆ ಸಿಗುವುದು ಕಷ್ಟ. ಉಳಿದುದೆಲ್ಲವನ್ನೂ, ಅಂದರೆ ಅಲ್ಲಿಗಾಗಿಯೇ ಬರೆಯುವುದು, ವಿಡಿಯೊ ಮಾಡುವುದು, ಗ್ರಾಹಕರನ್ನು ಅಲ್ಲಿಗೆ ಕರೆಯುವುದು ಇವೆಲ್ಲವನ್ನೂ ನಾಲ್ಕು ವಾರಗಳ ಅಗ್ಗದ ಪರೀಕ್ಷೆ ಮುಗಿದ ಮೇಲೆ ತೀರ್ಮಾನಿಸಬಹುದು.

ಹಾಗೆ ಹೇಳಲು ಕಾರಣ, ಮೊದಲ ತಿಂಗಳ ಗದ್ದಲ ನೋಡಿ ಒಂದು ವೇದಿಕೆಯ ಆಯುಸ್ಸನ್ನು ಊಹಿಸಲು ಸಾಧ್ಯವಿಲ್ಲ. ಟ್ವಿಟರ್‌ನಂಥದೇ ಆದ ಬೆಂಗಳೂರಿನ ‘ಕೂ’ ಆ್ಯಪ್ 2020ರಲ್ಲಿ ಶುರುವಾದಾಗ ಮೊದಲು ಬಂದ ಭಾಷೆ ಕನ್ನಡವೇ. 2021ರ ಆರಂಭದಲ್ಲಿ ಟ್ವಿಟರ್‌ಗೂ ಕೇಂದ್ರ ಸರ್ಕಾರಕ್ಕೂ ಜಟಾಪಟಿ ನಡೆದಾಗ ಹಲವು ಮಂತ್ರಿಗಳು, ಇಲಾಖೆಗಳು ಅಲ್ಲಿಗೆ ಬಂದರು. 2024ರ ಜುಲೈನಲ್ಲಿ ಅದರ ಸ್ಥಾಪಕರು ಬಾಗಿಲು ಮುಚ್ಚುತ್ತಿರುವುದಾಗಿ ಪ್ರಕಟಿಸಿದರು. ದೊಡ್ಡ ಕಂಪನಿಗಳ ಜೊತೆಗಿನ ಮಾತುಕತೆ ಫಲಿಸಲಿಲ್ಲ, ನಡೆಸುವ ಖರ್ಚು ಭಾರವಾಯಿತು ಎಂದು ಅವರೇ ಹೇಳಿಕೊಂಡರು. ಇನ್‌ಸ್ಟಾಗ್ರಾಂನ ಕಂಪನಿಯೇ ತಂದ ‘ಥ್ರೆಡ್ಸ್’ ಕಥೆ ಇದಕ್ಕೆ ತದ್ವಿರುದ್ಧ. 2023ರ ಜುಲೈನಲ್ಲಿ ಐದೇ ದಿನಗಳಲ್ಲಿ ಹತ್ತು ಕೋಟಿ ಜನ ಸೇರಿದರು, ಏಕೆಂದರೆ ಇನ್‌ಸ್ಟಾಗ್ರಾಂ ಖಾತೆ ಇದ್ದವರಿಗೆ ಅದು ಒಂದೆರಡು ಒತ್ತಿನ ಕೆಲಸ. ತಿಂಗಳು ಮುಗಿಯುವ ಮೊದಲೇ ಅರ್ಧಕ್ಕಿಂತ ಹೆಚ್ಚು ಜನ ಮತ್ತೆ ತೆರೆದು ನೋಡಲಿಲ್ಲ. ಆದರೆ 2024ರ ಕೊನೆಯ ಹೊತ್ತಿಗೆ ತಿಂಗಳಿಗೆ 30 ಕೋಟಿ ಜನ ಬಳಸುತ್ತಿದ್ದಾರೆ ಎಂದು ಕಂಪನಿ ಹೇಳಿತು. ಮೊದಲ ದಿನವೇ ಓಡಿ ಹೋದವರಿಗಿಂತ ಒಂದು ವರ್ಷ ಬಿಟ್ಟು ನಿಧಾನವಾಗಿ ಹೋದವರಿಗೆ ಅಲ್ಲಿ ಹೆಚ್ಚು ನೆಲೆನಿಂತ ಊರೇ ಸಿಕ್ಕಿತು.

ಹಾಗಾದರೆ ಮೊದಲು ಹೋದವರಿಗೆ ಲಾಭವೇ ಇಲ್ಲವೇ? ಇದೆ, ಆದರೆ ಒಂದೇ ಸಂದರ್ಭದಲ್ಲಿ: ನಿಮ್ಮ ವಿಷಯವನ್ನು ಕೇಳುವವರು ಆಗಲೇ ಅಲ್ಲಿದ್ದು, ಹೇಳುವವರು ಇಲ್ಲದಿದ್ದಾಗ. ಇದನ್ನು ತಿಳಿಯಲು ಹುಡುಕಾಟದ ಪೆಟ್ಟಿಗೆ ಸಾಕು. ನಿಮ್ಮ ವಿಷಯದ ಹೆಸರನ್ನು ಕನ್ನಡ ಲಿಪಿಯಲ್ಲೂ, ಜನ ಮೊಬೈಲಿನಲ್ಲಿ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರದಲ್ಲೂ ಹುಡುಕಿ. “ಇದು ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ” ಎಂಬ ಪೋಸ್ಟುಗಳಿದ್ದು ಉತ್ತರಗಳಿಲ್ಲದಿದ್ದರೆ ನಿಮಗೆ ಜಾಗವಿದೆ. ಎರಡೂ ಖಾಲಿ ಇದ್ದರೆ ಅದು ಅವಕಾಶವಲ್ಲ, ಬರೀ ಖಾಲಿ ಜಾಗ; ಜನ ಸಾಮಾನ್ಯವಾಗಿ ಮೋಸಹೋಗುವುದು ಇಲ್ಲಿಯೇ.

ಇದೇ ಹೊತ್ತಿಗೆ ಕನ್ನಡ ಅಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದೂ ನೋಡಿಕೊಳ್ಳಿ. #ಉಪ್ಪಿನಕಾಯಿ ಎಂದು ಹ್ಯಾಶ್‌ಟ್ಯಾಗ್ ಹಾಕಿ ಅದನ್ನು ಒತ್ತಿ ನೋಡಿ. ಕೆಲವು ಹೊಸ ಆ್ಯಪ್‌ಗಳು ಒತ್ತಕ್ಷರದ ಬಳಿ ಪದವನ್ನು ಕತ್ತರಿಸಿ ‘#ಉಪ’ ಎಂದಷ್ಟೇ ಗುರುತಿಸುತ್ತವೆ. ಅಂಥ ಕಡೆ ಕನ್ನಡದಲ್ಲಿ ಹುಡುಕುವವರಿಗೆ ನೀವು ಸಿಗುವುದೇ ಇಲ್ಲ.

ಮೊದಲ ಪೋಸ್ಟಿಗೆ ಮುಂಚೆ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡುವುದು ನನ್ನ ಕಟ್ಟುನಿಟ್ಟಿನ ನಿಯಮ. ಸೆಟ್ಟಿಂಗ್ಸ್‌ನಲ್ಲಿ ಮೂರು ವಿಷಯ ಹುಡುಕುತ್ತೇನೆ: ಖಾತೆಯನ್ನು ಅಳಿಸಬಹುದೇ, ಬರೆದುದನ್ನು ಇಳಿಸಿಕೊಳ್ಳಬಹುದೇ, ಹಿಂಬಾಲಕರನ್ನು ಬೇರೆಡೆಗೆ ಕರೆದೊಯ್ಯಬಹುದೇ. ಇವು ಒಂದರ ಹಿಂದೆ ಒಂದು ತಾನಾಗಿ ಬರುವ ಸೌಲಭ್ಯಗಳಲ್ಲ. ಥ್ರೆಡ್ಸ್‌ನಲ್ಲಿ ಮೊದಲ ಕೆಲವು ತಿಂಗಳು ಖಾತೆಯನ್ನು ಪೂರ್ತಿ ಅಳಿಸಬೇಕೆಂದರೆ ಇನ್‌ಸ್ಟಾಗ್ರಾಂ ಖಾತೆಯನ್ನೂ ಅಳಿಸಬೇಕಿತ್ತು. 2023ರ ನವೆಂಬರಿನಲ್ಲಷ್ಟೇ ಅದು ಬೇರೆಯಾಯಿತು. ಹಲವು ಸರ್ವರುಗಳಲ್ಲಿ ಹರಡಿಕೊಂಡಿರುವ ಮ್ಯಾಸ್ಟಡಾನ್‌ನಲ್ಲಿ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹಿಂಬಾಲಕರನ್ನು ಕರೆದೊಯ್ಯಬಹುದು, ಹಳೆಯ ಬರಹಗಳು ಮಾತ್ರ ಹಿಂದೆಯೇ ಉಳಿಯುತ್ತವೆ. ಬ್ಲೂಸ್ಕೈಯಲ್ಲಿ ನಿಮ್ಮದೇ ಡೊಮೇನ್ ಇದ್ದರೆ ಅದನ್ನೇ ಖಾತೆಯ ಹೆಸರಾಗಿ ಇಟ್ಟುಕೊಳ್ಳಬಹುದು, ಆದ್ದರಿಂದ ಆ ಹೆಸರು ಆ ಕಂಪನಿಯ ಸ್ವತ್ತಾಗುವುದಿಲ್ಲ. ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಮುಚ್ಚುವ ಮೊದಲು ಬರಹ, ಚಿತ್ರಗಳನ್ನು ಇಳಿಸಿಕೊಳ್ಳಲು ತಿಂಗಳುಗಟ್ಟಲೆ ಸಮಯ ಕೊಟ್ಟಿತ್ತು; ಬಳಕೆದಾರರು ಬರಹ ಉಳಿಸಿಕೊಂಡರು, ಓದುಗರನ್ನಲ್ಲ.

ಖಾತೆ ತೆರೆಯುವಾಗ ಫೋನಿನಲ್ಲಿರುವ ನಂಬರುಗಳನ್ನು ನೋಡಲು ಅನುಮತಿ ಕೇಳಿದರೆ ಬೇಡ ಎನ್ನಿ. ಕೆಲವು ವರ್ಷಗಳ ಹಿಂದೆ ನಾನು ಅವಸರದಲ್ಲಿ ಒಂದು ಆ್ಯಪ್‌ಗೆ ಸರಿ ಎಂದು ಒತ್ತಿಬಿಟ್ಟೆ. ನನ್ನ ಹೆಸರಿನಲ್ಲಿ ಆಹ್ವಾನದ ಎಸ್ಎಂಎಸ್ ನಮ್ಮ ಗ್ಯಾಸ್ ಸಿಲಿಂಡರ್ ತರುವವರಿಗೂ, ನಾವು ಎಂದೋ ಖಾಲಿ ಮಾಡಿ ಬಂದ ಹಳೆಯ ಮನೆಯ ಮಾಲೀಕರಿಗೂ ಹೋಗಿತ್ತು. ಮಾಲೀಕರು ಫೋನ್ ಮಾಡಿ, “ಏನ್ರೀ, ಏನೋ ಸೇರಿ ಅಂದಿದ್ರಲ್ಲ, ಚೀಟಿಯಾ?” ಎಂದು ವಿಚಾರಿಸಿದರು.

ಈಗ ಪರೀಕ್ಷೆಗೆ ಬರುತ್ತೇನೆ. ಸಾಗರದ ಕಡೆಯ ನನ್ನ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಅವರಿಗೆ ಇನ್‌ಸ್ಟಾಗ್ರಾಂ ಖಾತೆಯಿದೆ, ಆರ್ಡರ್ ಬರುವುದೆಲ್ಲ ವಾಟ್ಸಾಪ್‌ನಲ್ಲಿ. ಹೊಸ ವೇದಿಕೆಯೊಂದಕ್ಕೆ ಸೇರಲು ಮಗಳು ಒತ್ತಾಯಿಸಿದಾಗ ಅವರು ನನ್ನನ್ನು ಕೇಳಿದರು. ಹೊಸದಾಗಿ ಏನನ್ನೂ ತಯಾರಿಸಬಾರದು ಎಂಬುದು ನಾನು ಹಾಕಿದ ಮೊದಲ ಷರತ್ತು. ಇನ್‌ಸ್ಟಾಗ್ರಾಂಗೆ ಹೇಗೂ ಹಾಕುವ ಚಿತ್ರಗಳನ್ನೇ, ಅಂದರೆ ತೊಟ್ಟು ಸಮೇತ ಕೊಯ್ದ ಮಿಡಿ, ಹರಳುಪ್ಪಿನಲ್ಲಿ ಸುಕ್ಕುಗಟ್ಟುತ್ತಿರುವ ಮಿಡಿ, ಸೊನೆಯ ಪರಿಮಳದ ಬಗ್ಗೆ ನಾಲ್ಕು ಸಾಲು, ಇವನ್ನೇ ಅದೇ ದಿನ ಅಲ್ಲಿಗೂ ಹಾಕುವುದು. ವಾರಕ್ಕೆ ಮೂರರಂತೆ ನಾಲ್ಕು ವಾರಕ್ಕೆ ಹನ್ನೆರಡು ಪೋಸ್ಟು. ಉತ್ತರ ಬರೆಯುವುದೂ ಸೇರಿ ಪ್ರತಿಯೊಂದಕ್ಕೆ ಇಪ್ಪತ್ತೈದು ನಿಮಿಷದ ಮಿತಿ. ಒಟ್ಟು ಐದು ಗಂಟೆ. ಜಾಹೀರಾತಿಗೆ ಒಂದು ರೂಪಾಯಿಯೂ ಇಲ್ಲ.

ಆರ್ಡರ್ ಎಲ್ಲಿಂದ ಬಂತು ಎಂದು ತಿಳಿಯಲು ಗ್ರಾಹಕರನ್ನು ಕೇಳಿದರೆ “ಎಲ್ಲೋ ನೋಡಿದೆ” ಎನ್ನುತ್ತಾರೆ. ಅದಕ್ಕೆ ವಾಟ್ಸಾಪ್‌ನದೇ ಒಂದು ಪುಕ್ಕಟೆ ದಾರಿ ಇದೆ. ಎರಡೂ ಕಡೆಯ ಪರಿಚಯದ ಸಾಲಿನಲ್ಲಿ ಬೇರೆ ಬೇರೆ ಕೊಂಡಿ ಇಟ್ಟೆವು:

```
https://wa.me/91XXXXXXXXXX?text=MIDI-1
https://wa.me/91XXXXXXXXXX?text=MIDI-2
```

X ಗಳ ಜಾಗದಲ್ಲಿ ನಿಮ್ಮ ಹತ್ತಂಕಿಯ ಸಂಖ್ಯೆ. ಕೊಂಡಿ ಒತ್ತಿದವರ ವಾಟ್ಸಾಪ್‌ನಲ್ಲಿ ಆ ಪದ ಮೊದಲೇ ಬರೆದಿರುತ್ತದೆ, ಅವರು ಕಳಿಸುವುದಷ್ಟೇ ಬಾಕಿ. MIDI-1 ಎಂದು ಬಂದರೆ ಇನ್‌ಸ್ಟಾಗ್ರಾಂ, MIDI-2 ಎಂದರೆ ಹೊಸ ಜಾಗ. ಕೆಲವರು ಪದ ಅಳಿಸಿ ತಮ್ಮದೇ ಮಾತು ಬರೆಯುತ್ತಾರೆ, ಹಾಗಾಗಿ ಲೆಕ್ಕ ಪಕ್ಕಾ ಅಲ್ಲ. ಎರಡೂ ಕಡೆಯವರು ಹಾಗೆ ಮಾಡುವುದರಿಂದ ಹೋಲಿಕೆಗೆ ಅಡ್ಡಿಯಿಲ್ಲ.

ಇನ್ನೊಂದು ಅಳತೆ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಮೊದಲ ದಿನ ಆ ವೇದಿಕೆಯಲ್ಲಿ ಸಿಕ್ಕ, ಅಡುಗೆ, ಮಲೆನಾಡು, ಊಟ ಇಂಥವುಗಳ ಬಗ್ಗೆ ಬರೆಯುತ್ತಿದ್ದ ಇಪ್ಪತ್ತು ಖಾತೆಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಂಡೆವು. ಇಪ್ಪತ್ತೆಂಟನೆಯ ದಿನ ಅವನ್ನು ಒಂದೊಂದಾಗಿ ತೆರೆದು, ಕಳೆದ ಏಳು ದಿನಗಳಲ್ಲಿ ಯಾರಿಗಾದರೂ ಉತ್ತರ ಬರೆದಿದ್ದಾರೆಯೇ ಎಂದು ನೋಡುವುದು. ಪೋಸ್ಟು ಹಾಕಿದ್ದಾರೆಯೇ ಎಂದು ನೋಡಿದರೆ ಸಾಲದು, ಏಕೆಂದರೆ ಅನೇಕರು ಬೇರೆಡೆ ಹಾಕಿದ್ದು ತಾನಾಗಿ ಇಲ್ಲಿಗೂ ಬರುವಂತೆ ಜೋಡಿಸಿ ಹೊರಟುಹೋಗಿರುತ್ತಾರೆ. ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ, ಒಳಗೆ ಯಾರೂ ಇರುವುದಿಲ್ಲ.

ಎಷ್ಟು ಬಂದರೆ ಉಳಿಯುವುದು ಎಂಬುದನ್ನೂ ಆ ಡೈರಿಯಲ್ಲಿ ಮೊದಲೇ ಬರೆದೆವು: ಹೊಸ ಜಾಗದ ವಿಚಾರಣೆಗಳು ಇನ್‌ಸ್ಟಾಗ್ರಾಂನ ಅರ್ಧದಷ್ಟಾದರೂ ಇರಬೇಕು, ಇಪ್ಪತ್ತರಲ್ಲಿ ಹತ್ತು ಜನವಾದರೂ ಉಳಿದಿರಬೇಕು. ಮುಂಚೆಯೇ ಬರೆಯದಿದ್ದರೆ ಒಂದು ಒಳ್ಳೆಯ ಕಮೆಂಟ್ ಓದಿ ಮನಸ್ಸು ಗೆರೆಯನ್ನು ಕೆಳಗೆ ಎಳೆದುಬಿಡುತ್ತದೆ.

ಮೊದಲ ವಾರ ಮೂರು ಪೋಸ್ಟಿಗೆ 41 ಉತ್ತರ ಬಂತು. ಅತ್ತಿಗೆ ಖುಷಿಯಿಂದ ಫೋನ್ ಮಾಡಿ, “ಇನ್‌ಸ್ಟಾಗ್ರಾಂನಲ್ಲಿ ಯಾವತ್ತೂ ಇಷ್ಟು ಬರಲಿಲ್ಲ ನೋಡು” ಎಂದರು. ಕೂತು ಓದಿದರೆ ಮೂವತ್ತಕ್ಕೂ ಹೆಚ್ಚು ‘ಸ್ವಾಗತ’, ‘ಬನ್ನಿ ಬನ್ನಿ’ ಎಂಬಂಥವು. ಹೊಸ ಬಡಾವಣೆಗೆ ಮೊದಲು ಬಂದ ನಾಲ್ಕು ಮನೆಯವರು ಹೊಸಬರಿಗೆ ಕೊಡುವ ಆದರ ಅದು, ಸುಳ್ಳಲ್ಲ, ಆದರೆ ವ್ಯಾಪಾರವೂ ಅಲ್ಲ. ಇದರ ಜೊತೆಗೆ ಹೊಸ ಖಾತೆಗಳನ್ನು ಆ್ಯಪ್‌ಗಳೇ ಸ್ವಲ್ಪ ದಿನ ಮುಂದೆ ತಳ್ಳಿ ತೋರಿಸುವುದೂ ಉಂಟು. ಆದ್ದರಿಂದ ಮೊದಲ ಎರಡು ವಾರಗಳ ಉತ್ತರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾಲ್ಕನೆಯ ವಾರದ ಮೂರು ಪೋಸ್ಟಿಗೆ ಬಂದ ಉತ್ತರ ಐದು. ನಾಲ್ಕು ವಾರಗಳಲ್ಲಿ MIDI-1 ಎಂದು ಹದಿನಾಲ್ಕು ವಿಚಾರಣೆ ಬಂದಿತ್ತು, MIDI-2 ಎಂದು ಮೂರು, ಅದರಲ್ಲಿ ಒಂದು ಕಿಲೋದ ಒಂದು ಆರ್ಡರ್. ಇಪ್ಪತ್ತು ಖಾತೆಗಳಲ್ಲಿ ಉತ್ತರ ಬರೆಯುತ್ತಿದ್ದವರು ಆರು.

ಇಷ್ಟು ಸಣ್ಣ ಅಂಕಿಗಳಲ್ಲಿ ಎಂಟಕ್ಕೆ ಏಳು ಎಂಬಷ್ಟೇ ವ್ಯತ್ಯಾಸ ಬಂದಿದ್ದರೆ ನಾನು ಏನನ್ನೂ ಹೇಳುತ್ತಿರಲಿಲ್ಲ, ಇನ್ನೊಂದು ತಿಂಗಳು ನಡೆಸಿ ಎನ್ನುತ್ತಿದ್ದೆ. ಹದಿನಾಲ್ಕಕ್ಕೆ ಮೂರು ಎಂಬುದು ಅನುಮಾನಕ್ಕೆ ಎಡೆಯಿಲ್ಲದಷ್ಟು ದೂರ. ಹಾಗಂತ ಖಾತೆಯನ್ನು ಅಳಿಸಲಿಲ್ಲ. ಮಿಡಿಯ ಒಂದು ಚಿತ್ರ, ವಾಟ್ಸಾಪ್ ಕೊಂಡಿ, “ಆರ್ಡರ್‌ಗೆ ಇಲ್ಲಿ ಬನ್ನಿ” ಎಂಬ ಒಂದು ಸಾಲು, ಇಷ್ಟನ್ನು ಮೇಲೆ ಪಿನ್ ಮಾಡಿ ಅತ್ತಿಗೆ ಬರೆಯುವುದನ್ನು ನಿಲ್ಲಿಸಿದರು. ನಷ್ಟ ಐದು ಗಂಟೆ.

ಆರು ತಿಂಗಳ ನಂತರ ಅದೇ ಡೈರಿಯ ಪಟ್ಟಿ ತೆಗೆದು ಮತ್ತೆ ನೋಡಿದೆವು. ಆರರಲ್ಲಿ ಐವರು ಇನ್ನೂ ಇದ್ದರು, ಮತ್ತು ಅವರ ಸುತ್ತ ಆಗ ಇಲ್ಲದಿದ್ದ ಹದಿನೈದಿಪ್ಪತ್ತು ಹೊಸ ಖಾತೆಗಳು ಪರಸ್ಪರ ಮಾತಾಡುತ್ತಿದ್ದವು. ಒಬ್ಬರು ಜೀರಿಗೆ ಮಿಡಿ ಎಲ್ಲಿ ಸಿಗುತ್ತದೆ ಎಂದು ಕೇಳಿ ಎರಡು ದಿನವಾಗಿತ್ತು, ಯಾರೂ ಉತ್ತರಿಸಿರಲಿಲ್ಲ. ಅತ್ತಿಗೆ ಉತ್ತರ ಬರೆದು, ಡೈರಿಯ ಹೊಸ ಪುಟದಲ್ಲಿ ಇನ್ನೊಂದು ಇಪ್ಪತ್ತು ಹೆಸರು ಬರೆಯಲು ಕೂತರು.