ಏಪ್ರಿಲ್ ಮಧ್ಯಾಹ್ನದ ಫೋಟೋ

ಮೂರು ಕಿಲೋವ್ಯಾಟ್‌ನ ಸೋಲಾರ್ ಕೆಲಸಕ್ಕೆ ಸೈಟ್ ವಿಸಿಟ್ ಬೇಡ, ವಾಟ್ಸಾಪ್ ಫೋಟೋ ಸಾಕು ಎನ್ನುವುದು ನಮ್ಮ ಮ್ಯಾನೇಜರ್ ನಿಲುವು. ಡೀಸೆಲ್ ಉಳಿಯುತ್ತದಂತೆ. ಸುಂಟಿಕೊಪ್ಪ ಕಡೆಯ ಆ ಹೋಂಸ್ಟೇಯ ಫೋಟೋ ಬಂದದ್ದು ಏಪ್ರಿಲ್ ಕೊನೆಯಲ್ಲಿ. ದಕ್ಷಿಣಕ್ಕೆ ಇಳಿಯುವ ಶೀಟ್ ಮಾಡು, ಪಕ್ಕದ ಸ್ಲ್ಯಾಬ್ ಮೇಲೆ ನೀರಿನ ಟ್ಯಾಂಕ್, ಎಲ್ಲೂ ನೆರಳಿಲ್ಲ. ಪೂರ್ವದ ತುದಿಯಲ್ಲಿ ಆರು ಪ್ಯಾನೆಲ್‌ಗಳನ್ನು ಗುರುತಿಸಿ, 'ನೆರಳು: ಇಲ್ಲ' ಎಂದು ಬರೆದೆ.

ಟ್ಯಾಂಕಿನ ನೆರಳು ಅದರ ಬುಡಕ್ಕೇ ಅಂಟಿಕೊಂಡಿತ್ತು. ನಾನು ಅನುಮಾನ ಪಡಬೇಕಾಗಿದ್ದುದು ಅಲ್ಲೇ. ಏಪ್ರಿಲ್ ಕೊನೆಯ ಮಧ್ಯಾಹ್ನ ಕೊಡಗಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಯಾವ ಮರದ ನೆರಳೂ ಮಾಡಿಗೆ ಬರುವುದಿಲ್ಲ. ಚಿತ್ರದ ಅಂಚಿನಲ್ಲಿ ಕಡ್ಡಿಯಂತೆ ಒಂದು ಸಿಲ್ವರ್ ಓಕ್ ಇತ್ತು. ಆಗಷ್ಟೇ ಮರಕಸಿ ಮುಗಿದು ಕೊಂಬೆಗಳಿರಲಿಲ್ಲ. ಮೊಬೈಲಿನ ಅಗಲ ಲೆನ್ಸ್‌ನಲ್ಲಿ ತೆಗೆದಿದ್ದರಿಂದ ಎಲ್ಲೋ ದೂರದಲ್ಲಿರುವಂತೆ ಕಂಡಿತು.

ಮಂಜೂರಾತಿ, ಮಳೆಗಾಲ ಎಂದು ಕೆಲಸ ಡಿಸೆಂಬರಿಗೆ ಬಿತ್ತು. ಪ್ಯಾನೆಲ್ ಹಿಡಿಯುವ ರೈಲ್ ಕೂರಿಸಿ ಆಗಿತ್ತು. ಮರುದಿನ ಮನೆಯ ಅಮ್ಮ, ನಾನು, ಫಿಟ್ಟರ್ ಮೂವರೂ ಸ್ಲ್ಯಾಬಿನ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದೆವು. ಮಂಜು ಕರಗುತ್ತಾ ಬಂದಂತೆ ಶೀಟಿನ ಮೇಲೆ ಮೊದಲು ಮಸುಕಾಗಿ, ಆಮೇಲೆ ಸ್ಪಷ್ಟವಾಗಿ ಒಂದು ಉದ್ದ ನೆರಳು ಮೂಡಿತು. ಒಂಬತ್ತೂವರೆ. ಮೂರು ಪ್ಯಾನೆಲ್‌ಗಳ ಜಾಗದ ಮೇಲೆ ಅದು ಮಲಗಿತ್ತು. ಫಿಟ್ಟರ್ ನನ್ನ ಮುಖ ನೋಡಿದ. ನಾನು ಲೋಟದೊಳಗೆ ನೋಡಿದೆ.

ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿ, ಸುಮಾರು 33 ಡಿಗ್ರಿ ಎತ್ತರದಲ್ಲಿರುತ್ತಾನೆ. ನೆರಳು ಮರದ ಎತ್ತರದ ಒಂದೂವರೆ ಪಟ್ಟು. ಮಾಡಿನ ಅಂಚಿನಿಂದ ಎಂಟು ಮೀಟರ್ ಮೇಲೆದ್ದ ಮರ ಹನ್ನೆರಡು ಮೀಟರ್ ದೂರದವರೆಗೆ ಚಾಚುತ್ತದೆ. ನನ್ನ ಪ್ಯಾನೆಲ್ ಇದ್ದದ್ದು ಏಳು ಮೀಟರ್ ಆಚೆ. ಆರೂ ಒಂದರ ಹಿಂದೊಂದು ಜೋಡಿಸಿದ ಒಂದೇ ಸ್ಟ್ರಿಂಗ್‌ನಲ್ಲಿರುವುದರಿಂದ ಮೂರಕ್ಕೆ ನೆರಳಾದರೆ ಬೆಳಗಿನ ಉತ್ಪಾದನೆ ಅರ್ಧಕ್ಕೂ ಕೆಳಗಿಳಿಯಬಹುದು.

"ಆ ಮರದಲ್ಲಿ ಮೆಣಸಿನ ಬಳ್ಳಿ ಇದೆಯಪ್ಪ, ಕಡಿಯಲು ಬಿಡುವುದಿಲ್ಲ" ಎಂದರು ಅಮ್ಮ. ನಾನು ಕೇಳಿಯೂ ಇರಲಿಲ್ಲ. ರೈಲ್ ಬಿಚ್ಚಿ ಪಶ್ಚಿಮದ ತುದಿಗೆ ಸರಿಸಿದೆವು. ಶೀಟಿನ ರಂಧ್ರಗಳಿಗೆ ಸೀಲೆಂಟ್ ಹಾಕುವಷ್ಟರಲ್ಲಿ ಸಂಜೆಯಾಯಿತು.

ಇಳಿಜಾರನ್ನೂ ತಪ್ಪಾಗಿ ಓದಿದ್ದೆ. ಎದುರಿನಿಂದ ತೆಗೆದ ಚಿತ್ರದಲ್ಲಿ ಹತ್ತು ಡಿಗ್ರಿ ಎನಿಸಿ, ಎತ್ತರಿಸುವ ಕಾಲುಗಳನ್ನು ತರಿಸಿದ್ದೆ. ಪಕ್ಕದ ಗೋಡೆಯ ಬಳಿ ಟೇಪ್ ಹಿಡಿದರೆ ಹದಿನಾಲ್ಕು ಅಡಿಗೆ ಐದು ಅಡಿ ಏರು, ಅಂದರೆ ಇಪ್ಪತ್ತು ಡಿಗ್ರಿ. ಕಾಲುಗಳು ಈಗಲೂ ಗೋಡೌನಿನಲ್ಲಿವೆ.

ಈಗ ಮಾಡಿನ ಫೋಟೋ ಒಂದೇ ಬಂದರೆ ಒಪ್ಪುವುದಿಲ್ಲ. ಮಾಡಿಗೆ ಬೆನ್ನು ಮಾಡಿ ಪೂರ್ವ, ದಕ್ಷಿಣ, ಪಶ್ಚಿಮಕ್ಕೆ ಒಂದೊಂದು, ಪಕ್ಕದ ಗೋಡೆಯ ಕಡೆಯಿಂದ ಒಂದು ಕೇಳುತ್ತೇನೆ. ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನುತ್ತೇನೆ. ಇಲ್ಲದಿದ್ದರೆ ಫೋಟೋ ತೆಗೆದ ಸಮಯವನ್ನೇ ವಾಟ್ಸಾಪ್ ಅಳಿಸಿಬಿಡುತ್ತದೆ. ಕಚೇರಿಯ ಫಾರಂನಲ್ಲಿ ಮಾತ್ರ ಫೋಟೋಗೆ ಇನ್ನೂ ಒಂದೇ ಚೌಕವಿದೆ.