ಐದು ಮೂಲೆ ಮಂಟಪ, ಮುಕ್ಕಾಲು ಗೇಣು ಸಂದು, ಮತ್ತು cos 36°

ತುಮಕೂರಿನ ಅಂತರಸನಹಳ್ಳಿ ಕಡೆ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ನನ್ನ ಕೆಲಸ. ಡ್ರಾಯಿಂಗ್ ಮಾಡೋದು, ಅಳತೆ ಹಾಕಿ ಕೊಡೋದು. ಗೇಟು, ಗ್ರಿಲ್ಲು, ಶೀಟ್ ಚಾವಣಿ, ಇವೇ ಜಾಸ್ತಿ. ಎಲ್ಲಾ ಮೂಲೆಮಟ್ಟದಲ್ಲಿ ಮುಗಿಯುವ ಕೆಲಸ. ಹಾಗಾಗಿ ಗುಬ್ಬಿ ಕಡೆಯ ತೋಟದವರೊಬ್ಬರು ಬಂದು ಐದು ಮೂಲೆಯ ಮಂಟಪ ಬೇಕು ಅಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯಲ್ಲೇ ನಾನು ಎಡವಿದ್ದು.

ಮೇಲಿನ ಚೌಕಟ್ಟು 50 ಮಿಲಿಮೀಟರಿನ ಸ್ಕ್ವೇರ್ ಪೈಪಿನದು. ಹೊರಗಿನ ಅಳತೆ ಪ್ರತಿ ಬದಿಗೆ 1200 ಮಿಲಿಮೀಟರ್. ಐದು ಬದಿ ಸುತ್ತಿ ಬಂದರೆ ಒಟ್ಟು 360 ಡಿಗ್ರಿ ತಿರುಗಬೇಕು. ಅಂದರೆ ಒಂದೊಂದು ಮೂಲೆಯಲ್ಲಿ 72. ಅದನ್ನು ಎರಡು ಪೈಪುಗಳು ಅರ್ಧರ್ಧ ಹಂಚಿಕೊಂಡರೆ ಪ್ರತಿ ತುದಿಗೆ 36 ಡಿಗ್ರಿ ಓರೆ. ಒಳಗಿನ ಮೂಲೆ 108, ಅದರ ಅರ್ಧ 54. ಹೆಲ್ಪರ್ ಹುಡುಗ ಮೊದಲು 54 ಇಡಲು ಹೋಗಿ "ಅಣ್ಣಾ, ಇದು 45ಕ್ಕೇ ನಿಂತೋಯ್ತದೆ" ಅಂದ. ಕಟಿಂಗ್ ಮಷಿನ್ನಿನಲ್ಲಿ ನೇರ ಕಟ್ಟೇ ಸೊನ್ನೆ, ಅದಕ್ಕೆ 90ರಲ್ಲಿ 54 ಕಳೆದು 36 ಇಡಬೇಕು ಅಂತ ಹೇಳಿಕೊಟ್ಟೆ. ದೊಡ್ಡ ತಪ್ಪೊಂದನ್ನು ತಡೆದೆ ಅಂತ ನಿರಾಳನಾದೆ.

ಹತ್ತು ಓರೆ ಕಟ್ಟಾಯಿತು. ವೆಲ್ಡರ್ ಅಣ್ಣ ನಾಲ್ಕು ಮೂಲೆಗೆ ಟ್ಯಾಕ್ ಹೊಡೆದರು, ಅಂದರೆ ಸದ್ಯಕ್ಕೆ ಹಿಡಿದು ನಿಲ್ಲಲು ಚುಕ್ಕೆಯಷ್ಟು ವೆಲ್ಡ್ ಹಾಕಿದರು. ಐದನೇ ಮೂಲೆ ಕೂಡಲಿಲ್ಲ. ಎರಡು ತುದಿಗಳ ನಡುವೆ ಮುಕ್ಕಾಲು ಗೇಣು ಸಂದು! ಟೇಪು ಹಿಡಿದರೆ 180ರ ಮೇಲೆ.

"ಏನ್ ಸಾರ್, ಪೈಪ್ ಉದ್ದ ಕಮ್ಮಿ ಕೊಟ್ರಾ?" ಅಂತ ಕೇಳಿದರು.

ಉದ್ದ ಸರಿಯಾಗಿಯೇ ಇತ್ತು. ಐದೂ 1200. ತಪ್ಪಿದ್ದು ಮಷಿನ್ನಿನ ಮುಳ್ಳು. ಅದು ಸ್ವಲ್ಪ ಬಾಗಿತ್ತು. 36 ತೋರಿಸುತ್ತಿದ್ದರೂ ಕಟ್ಟಾಗುತ್ತಿದ್ದದ್ದು 35ಕ್ಕೆ. ನಾನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಒಂದು ಡಿಗ್ರಿ ತಾನೇ ಅನ್ನಿಸುತ್ತೆ ಅಲ್ವಾ? ಆದರೆ ಒಂದು ಮೂಲೆಯಲ್ಲಿ ಎರಡು ಕಟ್ಟು. 108 ಇರಬೇಕಾದ ಮೂಲೆ 110 ಆಗುತ್ತದೆ. ನಾಲ್ಕು ಮೂಲೆ ದಾಟುವಷ್ಟರಲ್ಲಿ ಸರಪಳಿ ಅಗಲವಾಗಿ ಬಿಚ್ಚಿಕೊಂಡಿರುತ್ತದೆ. ಆಮೇಲೆ ಲೆಕ್ಕ ಹಾಕಿದೆ: 1200ರ ಬದಿಗೆ ಸಂದು ಸುಮಾರು 182 ಮಿಲಿಮೀಟರ್ ಬರಬೇಕು. ಅಷ್ಟೇ ಬಂದಿತ್ತು.

ಕಟ್ಟಿನ ಮುಖವನ್ನೇ ಅಳೆದು ಮೊದಲೇ ಕಂಡುಹಿಡಿಯಬಹುದಿತ್ತೇ? ನಾನೂ ಹಾಗೇ ಅಂದುಕೊಂಡೆ. 50ರ ಪೈಪನ್ನು 36ಕ್ಕೆ ಕತ್ತರಿಸಿದರೆ ಓರೆ ಮುಖದ ಉದ್ದ 61.8. 35ಕ್ಕೆ ಕತ್ತರಿಸಿದರೆ 61.0. ಮುಕ್ಕಾಲು ಮಿಲಿಮೀಟರ್ ವ್ಯತ್ಯಾಸ. ಕತ್ತರಿಸಿದ ಅಂಚಿನಲ್ಲಿ ಎದ್ದು ನಿಲ್ಲುವ ಒರಟು ಚೂರು, ಅಂದರೆ ಬರ್, ಅದಕ್ಕಿಂತ ದಪ್ಪ ಇರುತ್ತದೆ. ಅಲ್ಲಿ ಸಿಗೋದಿಲ್ಲ.

ಸಿಗುವ ಜಾಗ ಬೇರೆ. ಎರಡು ಪೈಪು ಸೇರಿಸಿ ಮೊದಲ ಟ್ಯಾಕ್ ಹೊಡೆದ ತಕ್ಷಣ ಆಚೆ ತುದಿಯಿಂದ ಈಚೆ ತುದಿಗೆ, ಹೊರಗಿನ ಚೂಪಿನಿಂದ ಚೂಪಿಗೆ ಟೇಪು ಹಿಡಿಯಬೇಕು. ಅದೇ ಪಂಚಭುಜದ ಕರ್ಣ. ಎರಡು ಬದಿ ಸಮ, ನಡುವಿನ ಮೂಲೆ 108. ಉಳಿದ 72 ಎರಡು ಪಾಲಾದರೆ ಅಲ್ಲೂ 36. ನಡುವಿನ ಮೂಲೆಯಿಂದ ಕರ್ಣಕ್ಕೆ ಒಂದು ಲಂಬ ಇಳಿಸಿದರೆ ಕರ್ಣದ ಅರ್ಧ ಅಂದರೆ 1200 × cos 36°. ಇಡೀ ಕರ್ಣ ಅದರ ಎರಡರಷ್ಟು. 36 ಸರಿಯಿದ್ದರೆ 1941.6, 35 ಆದರೆ 1966. ಇಪ್ಪತ್ತನಾಲ್ಕು ಮಿಲಿಮೀಟರ್ ಅಂತರ! ಕುರುಡನಿಗೂ ಗೊತ್ತಾಗುತ್ತದೆ. ಟೇಪಿನಲ್ಲಿ ಒಂದು ಮಿಲಿಮೀಟರ್ ಅಂದರೆ ಮೂಲೆ ಓರೆಯಲ್ಲಿ ಡಿಗ್ರಿಯ ಇಪ್ಪತ್ತೈದನೇ ಒಂದು ಭಾಗ. ಶೆಡ್ಡಿನಲ್ಲಿ ಇದಕ್ಕಿಂತ ಒಳ್ಳೆಯ ಕೋನಮಾಪಕ ನನ್ನ ಕೈಗೆ ಸಿಕ್ಕಿಲ್ಲ.

ಅವತ್ತು ಈ ಲೆಕ್ಕಕ್ಕೆ ಫೋನ್ ತೆಗೆದೆ. ಕರ್ಣ ಮೈನಸ್ 307 ಅಂತ ಬಂತು. ಕ್ಯಾಲ್ಕುಲೇಟರ್ ರೇಡಿಯನ್ನಿನಲ್ಲಿತ್ತು. ಪಕ್ಕದಲ್ಲಿದ್ದ ಡಿಪ್ಲೊಮಾ ಹುಡುಗ "ಸಾರ್, cos 36ಕ್ಕೆ ರೂಟ್ ಐದರದ್ದೊಂದು ಫಾರ್ಮುಲಾ ಇದೆ" ಅಂತ ನೆಲದ ಮೇಲೆ ಬರೆದ: (√5 − 1)/4. ಅದನ್ನು 2400ಕ್ಕೆ ಗುಣಿಸಿದರೆ 741.6 ಬಂತು. ಬದಿಯೇ 1200 ಇರುವಾಗ ಅಷ್ಟು ಅಗಲವಾಗಿ ತೆರೆದ ಮೂಲೆಯ ಎದುರಿನ ಕರ್ಣ 741 ಆಗೋದು ಹೇಗೆ? "ಹಾಗಾದ್ರೆ ಪ್ಲಸ್ ಇರ್ಬೇಕು ಸಾರ್" ಅಂದ. ಪ್ಲಸ್ಸೋ ಮೈನಸ್ಸೋ ಅನ್ನೋದನ್ನು ಊಹೆಗೆ ಬಿಡೋದು ನನಗೆ ಸರಿಬರಲಿಲ್ಲ. ಸೀಮೆಸುಣ್ಣ ತಗೊಂಡು ನೆಲದ ಮೇಲೆ ಪೂರ್ತಿ ಅಳತೆಯ ಪಂಚಭುಜ ಬರೆದೆ. ವೆಲ್ಡರ್ ಅಣ್ಣನೂ ಹೆಲ್ಮೆಟ್ ಎತ್ತಿ ನೋಡುತ್ತಾ ನಿಂತರು.

ಮೂಲೆಗಳಿಗೆ ಸುತ್ತಲೂ ಕ್ರಮವಾಗಿ A, B, C, D, E ಅಂತ ಹೆಸರಿಡಿ. ಬದಿಯನ್ನು 1 ಅಂತ ಇಟ್ಟುಕೊಳ್ಳೋಣ, ಕರ್ಣ d. ಈಗ ಎರಡು ಕರ್ಣ ಎಳೆಯಿರಿ: A ಇಂದ Cಗೆ ಒಂದು, B ಇಂದ Eಗೆ ಒಂದು. ಅವು ದಾಟುವ ಜಾಗ P.

ಮೊದಲು P, A, B ಸೇರಿದ ಚಿಕ್ಕ ತ್ರಿಭುಜ ನೋಡಿ. ಅದರ ತಳ AB, ಅಂದರೆ ಬದಿ, ಉದ್ದ 1. Aಯಲ್ಲಿ ಕರ್ಣ ACಗೂ ಬದಿ ABಗೂ ನಡುವೆ 36. Bಯಲ್ಲಿ ಕರ್ಣ BEಗೂ ABಗೂ ನಡುವೆ ಅದೇ 36. ಹಾಗಾದರೆ ಇದು ನಮ್ಮ ಎರಡು ಪೈಪು, ಒಂದು ಕರ್ಣದ ದೊಡ್ಡ ತ್ರಿಭುಜದ ಚಿಕ್ಕ ಪಡಿಯಚ್ಚು. ದೊಡ್ಡದರಲ್ಲಿ ತಳ d ಇದ್ದರೆ ತೋಳು 1. ಚಿಕ್ಕದರಲ್ಲಿ ತಳವೇ 1, ಅಂದಮೇಲೆ ತೋಳು PB = 1/d.

ಇನ್ನು ಕರ್ಣದ ಉಳಿದ ತುಂಡು PE. A, P, E ತ್ರಿಭುಜದಲ್ಲಿ Aಯ ಪಾಲು 108ರಲ್ಲಿ 36 ಕಳೆದು 72. Eಯಲ್ಲಿ 36. ಉಳಿದದ್ದು Pಗೆ, ಅದೂ 72. ಎರಡು ಕೋನ ಸಮ, ಹಾಗಾಗಿ ಅವುಗಳ ಎದುರಿನ ಬದಿಗಳೂ ಸಮ: PE = AE = 1. ಕರ್ಣದ ದೊಡ್ಡ ತುಂಡು ಸರಿಯಾಗಿ ಒಂದು ಬದಿಯಷ್ಟು!

ಇದನ್ನು ಕೇಳಿ ವೆಲ್ಡರ್ ಅಣ್ಣ ನಂಬಲಿಲ್ಲ. ತಾವೇ ಟೇಪು ಹಿಡಿದರು. E ಇಂದ Pಗೆ 1200, P ಇಂದ Bಗೆ 741 ಚಿಲ್ಲರೆ. "ಅಯ್ಯೋ, ಹುಡ್ಗ ಬರ್ದಿದ್ದ 741 ಇಲ್ಲೈತಲ್ಲ!" ಅಂದರು. ನಿಜ. ಮೈನಸ್ ಹಾಕಿ ಅವನು ಕಂಡುಹಿಡಿದಿದ್ದು ಕರ್ಣವನ್ನಲ್ಲ, ಕರ್ಣದ ಚಿಕ್ಕ ತುಂಡನ್ನು.

ಎರಡು ತುಂಡು ಕೂಡಿಸಿದರೆ ಇಡೀ ಕರ್ಣ:

d = 1 + 1/d

ಎರಡೂ ಕಡೆ dಯಿಂದ ಗುಣಿಸಿದರೆ d² = d + 1. ವರ್ಗ ಪೂರ್ತಿ ಮಾಡಿದರೆ (d − 1/2)² = 5/4. ರೂಟ್ ಐದು ಬಂದದ್ದು ಇಲ್ಲಿಂದ. d ಉದ್ದವಾದ್ದರಿಂದ ಮೈನಸ್ ಆಗುವ ಉತ್ತರವನ್ನು ಬಿಡಬೇಕು. ಉಳಿಯುವುದು d = (1 + √5)/2, ಅಂದರೆ 1.618. ಇದನ್ನೇ ಸುವರ್ಣ ಅನುಪಾತ ಅನ್ನೋದು. ಕರ್ಣದ ಅರ್ಧವೇ cos 36° ಅಂತ ಆಗಲೇ ನೋಡಿದೆವು. ಹಾಗಾಗಿ

cos 36° = (1 + √5)/4 = 0.8090…

ಎಷ್ಟೋ ಕಡೆ 'ಪಂಚಭುಜದಲ್ಲಿ ಸುವರ್ಣ ಅನುಪಾತ ಇರುತ್ತದೆ, ಆದ್ದರಿಂದ cos 36° ಅದರ ಅರ್ಧ' ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಅದು ಸುಮ್ನೆ ಒಪ್ಪಿಕೊಂಡ ಹಾಗಾಯಿತು. ಅನುಪಾತ ಯಾಕೆ ಬಂತು ಅನ್ನೋದೇ ಇಲ್ಲಿ ಕೆಲಸ, ಮತ್ತು ಅದು ನಡೆಯೋದು P ಅನ್ನುವ ಆ ಒಂದು ಚುಕ್ಕೆಯಲ್ಲಿ.

ಹುಡುಗನ ಮೈನಸ್ ಸೂತ್ರ ಸುಳ್ಳಲ್ಲ, ಬೇರೆ ಕೋನದ್ದು. (√5 − 1)/4 ಅಂದರೆ cos 72°, ಅದೇ sin 18°. ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯಲ್ಲಿ 18 ಡಿಗ್ರಿಯ ಜ್ಯಾ, ಅಂದರೆ ತ್ರಿಜ್ಯ × sin 18°, ಪಡೆಯಲು ಇದನ್ನೇ ಹೇಳಿದ್ದಾರೆ: ತ್ರಿಜ್ಯದ ವರ್ಗವನ್ನು ಐದರಿಂದ ಗುಣಿಸಿ, ಮೂಲ ತೆಗೆದು, ತ್ರಿಜ್ಯ ಕಳೆದು, ನಾಲ್ಕರಿಂದ ಭಾಗಿಸು. ತ್ರಿಜ್ಯದ ಜಾಗದಲ್ಲಿ ನಮ್ಮ 1200 ಹಾಕಿದರೆ 370.8, ನೆಲದ ಮೇಲಿದ್ದ 741.6ರ ಅರ್ಧ. ಎರಡನ್ನೂ ಕಲೆಸಿಕೊಳ್ಳದೆ ಇರೋಕೆ ನನ್ನ ಉಪಾಯ ಸರಳ. 36 ಬರೋದು 30ಕ್ಕೂ 45ಕ್ಕೂ ನಡುವೆ. ಹಾಗಾಗಿ cos 36° ಇರಬೇಕಾದ್ದು 0.866ಕ್ಕೂ 0.707ಕ್ಕೂ ನಡುವೆ. ಮೈನಸ್ ಹಾಕಿದರೆ 0.309 ಬರುತ್ತದೆ, ಆ ಕಡೆ ಸುಳಿಯುವುದೂ ಇಲ್ಲ.

ಚೌಕಟ್ಟಿನ ಕಥೆ ಹೀಗಾಯಿತು. ಟ್ಯಾಕ್‌ಗಳನ್ನು ಗ್ರೈಂಡರಿನಲ್ಲಿ ಬಿಡಿಸಿದೆವು. ಪೈಪು ಎಸೆಯಬೇಕಾಗಲಿಲ್ಲ. 35 ಇದ್ದ ಓರೆಯನ್ನು 36 ಮಾಡಲು ಹೊರಗಿನ ಚೂಪನ್ನು ಮುಟ್ಟದೆ ಒಳಗಿನ ಅಂಚಿನಲ್ಲಿ 1.3 ಮಿಲಿಮೀಟರ್ ಉಜ್ಜಿದರೆ ಸಾಕು, ಹೊರಗಿನ 1200 ಹಾಗೇ ಉಳಿಯುತ್ತದೆ. ಹತ್ತು ತುದಿಗೂ ಉಜ್ಜುವಷ್ಟರಲ್ಲಿ ಅರ್ಧ ದಿನ ಹೋಯಿತು. ಉಲ್ಟಾ 37ಕ್ಕೆ ಕತ್ತರಿಸಿದ್ದರೆ ಚೂಪಿನಲ್ಲೇ ಉಜ್ಜಬೇಕಾಗಿ ಬದಿ ಗಿಡ್ಡವಾಗುತ್ತಿತ್ತು. ಅದೃಷ್ಟ ಅಂತಲೇ ಹೇಳಬೇಕು.

ಇನ್ನೊಂದು ಮಾತು, ಇದು ನನಗೆ ಆ ದಿನವೇ ಹೊಳೆದಿರಲಿಲ್ಲ. ಐದು ಬದಿ ಸಮ ಇದ್ದು ಒಂದು ಕರ್ಣ 1941.6 ಬಂದರೆ ಕೆಲಸ ಮುಗಿಯಲಿಲ್ಲ. ಬರೀ ಟ್ಯಾಕ್ ಮೇಲಿರುವ ಚೌಕಟ್ಟನ್ನು ಕೈಯಲ್ಲಿ ಒತ್ತಿದರೆ ಆಚೆ ಈಚೆ ವಾಲುತ್ತದೆ. ಒಂದು ಕರ್ಣ ಕಟ್ಟಿದರೆ ಒಂದು ತ್ರಿಭುಜ ಮಾತ್ರ ಬಿಗಿಯಾಗುತ್ತದೆ, ಉಳಿದ ನಾಲ್ಕು ಮೂಲೆಯ ಭಾಗ ಇನ್ನೂ ಅಲ್ಲಾಡುತ್ತದೆ. ಒಂದೇ ಮೂಲೆಯಿಂದ ಎರಡು ಕರ್ಣ ಅಳೆದರೆ ಒಳಗೆ ಮೂರು ತ್ರಿಭುಜ ಆಗುತ್ತವೆ, ಆಗ ಯಾವ ಮೂಲೆಯೂ ಮಿಸುಕುವಂತಿಲ್ಲ. ನಾವು ಐದೂ ಅಳೆದೆವು. ಅತಿ ಕಡಿಮೆ 1940, ಅತಿ ಜಾಸ್ತಿ 1943. ಪೂರ್ತಿ ವೆಲ್ಡ್ ಹೊಡೆಯೋದು ಆಮೇಲೆ.

ಮಂಟಪ ತೋಟಕ್ಕೆ ಹೋಯಿತು. ಮಷಿನ್ನಿನ ಮುಳ್ಳನ್ನು ಸರಿ ಮಾಡಿಸಿದೆ. ಈಗ ಡ್ರಾಯಿಂಗಿನಲ್ಲಿ ಓರೆಯ ಪಕ್ಕದಲ್ಲೇ ಮೊದಲ ಟ್ಯಾಕ್ ಆದಮೇಲಿನ ಕರ್ಣವನ್ನೂ ಬರೆಯುತ್ತೇನೆ. ಮೊನ್ನೆ ಆರು ಮೂಲೆಯ ನೀರಿನ ತೊಟ್ಟಿ ಸ್ಟ್ಯಾಂಡ್ ಬಂತು, ಇದಕ್ಕೂ ಬದಿ 1200. ನಾನು ಟೇಬಲ್ಲಿಗೆ ಹೋಗುವ ಮೊದಲೇ ವೆಲ್ಡರ್ ಅಣ್ಣ ಕೂಗಿದರು: "ಸಾರ್, ಇದರ ಕರ್ಣ ಎಷ್ಟು, ಮೊದ್ಲೇ ಹೇಳ್ಬಿಡಿ."

ಓರೆ 30, ಕರ್ಣ 2078.5. ಅವರೇ ಸೀಮೆಸುಣ್ಣದಲ್ಲಿ ಶಟರ್ ಮೇಲೆ ಬರೆದುಕೊಂಡರು.