ಟ್ಯಾಲಿನ್ ಮಾದರಿ: ಮೆತ್ತನೆಯ ಸ್ಪ್ರಿಂಗಿನ ತಕರಾರು ಬಗೆಹರಿಯಿತು

ಜೀವಕೋಶವು ತನ್ನ ಕೆಳಗಿನ ನೆಲವನ್ನು ಹಿಡಿದುಕೊಳ್ಳುವ ಜಾಗವಾದ ಫೋಕಲ್ ಅಡ್ಹೀಷನ್‌ಗೆ ನಾನು ಮಾಡಿದ ಮರದ ಮಾದರಿಯು ಕೊನೆಗೂ ಗಟ್ಟಿ ನೆಲ ಯಾವುದು, ಮೆತ್ತನೆಯ ನೆಲ ಯಾವುದು ಎಂಬುದನ್ನು ಗುರುತಿಸಿತು. ಇದರಲ್ಲಿ 1 ಪಿಕೋನ್ಯೂಟನ್ ಬಲಕ್ಕೆ 100 ಗ್ರಾಂ ತೂಕದ ಲೆಕ್ಕ. ಕೋಶದ ಹೊರಗಿನ ನೆಲದ ಪ್ರೋಟೀನಾದ ಫೈಬ್ರೊನೆಕ್ಟಿನ್ ಬದಿಯಲ್ಲಿ ಸ್ಪ್ರಿಂಗ್, ನಡುವೆ ಅದನ್ನು ಹಿಡಿಯುವ ಇಂಟೆಗ್ರಿನ್ ಮತ್ತು ಇಂಟೆಗ್ರಿನ್ನನ್ನು ಆಕ್ಟಿನ್ನಿಗೆ ಜೋಡಿಸುವ ಟ್ಯಾಲಿನ್, ಕೋಶದೊಳಗಿಂದ ಎಳೆಯುವ ಆಕ್ಟಿನ್ ಎಳೆಗಳ ಹರಿವಿನ ಜಾಗದಲ್ಲಿ ಸೆಕೆಂಡಿಗೆ 1 ಸೆಂಟಿಮೀಟರ್ ದಾರ ಸುತ್ತುವ ಗೇರ್ ಮೋಟಾರ್. ಮರಗೆಲಸದ ವಿವರ ಇಲ್ಲಿ ಬೇಡ.

ಟ್ಯಾಲಿನ್ ದಂಡದ 13 ಕಟ್ಟುಗಳನ್ನು ಅಯಸ್ಕಾಂತಗಳಿಂದ ಮುಚ್ಚಿದ್ದೇನೆ. ಆರ್3 ಕಟ್ಟಿನ ಒಳತಿರುಳಿನಲ್ಲಿ ನೀರನ್ನು ದೂರವಿಡುವ ಅಮೈನೋ ಆಮ್ಲಗಳ ನಡುವೆ ನೀರಿಗೆ ಒಲಿಯುವ ಥ್ರಿಯೋನಿನ್‌ಗಳೂ ಸೇರಿಕೊಂಡಿರುವುದರಿಂದ ಅದು ಸುಮಾರು 5 ಪಿಕೋನ್ಯೂಟನ್ನಿಗೇ ಬಿಚ್ಚಿಕೊಂಡು, ವಿನ್ಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ಹಿಡಿಯುವ, ಒಳಗೆ ಅಡಗಿದ್ದ ಜಾಗಗಳನ್ನು ಹೊರಗೆ ತೋರಿಸುತ್ತದೆ. ಆದ್ದರಿಂದ ಅದಕ್ಕೆ 500 ಗ್ರಾಂ, ಉಳಿದವಕ್ಕೆ ಇನ್ನೂ ಹೆಚ್ಚು. ಅಂಗಡಿಯವರು ಒಂದೇ ಬಗೆಯವು ಎಂದು ಕಟ್ಟಿಕೊಟ್ಟ ಅಯಸ್ಕಾಂತಗಳಲ್ಲಿ ಒಂದು 380 ಗ್ರಾಮಿಗೆ ಕೈಬಿಟ್ಟರೆ ಇನ್ನೊಂದು 700 ದಾಟಿದರೂ ಅಲುಗಲಿಲ್ಲ. ಪ್ರತಿಯೊಂದನ್ನೂ ತಕ್ಕಡಿಗೆ ಕಟ್ಟಿ ಎಳೆದೇ ಆರಿಸಬೇಕಾಯಿತು.

ನಿಜವಾದ ಪೀಡೆ ಸ್ಪ್ರಿಂಗಿನದು. ಮೆತ್ತನೆಯ ಸ್ಪ್ರಿಂಗ್ ಹಾಕಿದರೂ ಆರ್3 ಬಿಚ್ಚಿಕೊಳ್ಳುತ್ತಿತ್ತು, ತುಸು ತಡವಾಗಿ ಅಷ್ಟೇ. ಮೋಟಾರ್ ಎಳೆಯುತ್ತಲೇ ಇದ್ದರೆ ಎಂತಹ ಸ್ಪ್ರಿಂಗಿನಲ್ಲೂ ಬಲ ಒಂದು ದಿನ 500 ಗ್ರಾಂ ಮುಟ್ಟಲೇಬೇಕು. ಜೀವಕೋಶದಲ್ಲಿ ಹಾಗಾಗದಿರುವುದಕ್ಕೆ ಕಾರಣ, ಇಂಟೆಗ್ರಿನ್ ಹಿಡಿತಕ್ಕೆ ಆಯುಷ್ಯವಿದೆ; ಎಳೆತ ನಿಧಾನವಾಗಿ ಏರಿದರೆ ಟ್ಯಾಲಿನ್ ಬಿಚ್ಚುವ ಮೊದಲೇ ಇಂಟೆಗ್ರಿನ್ ಫೈಬ್ರೊನೆಕ್ಟಿನ್ನನ್ನು ಬಿಟ್ಟುಬಿಡುತ್ತದೆ. ಇಂಟೆಗ್ರಿನ್ ಹಿಡಿತಕ್ಕೆಂದು ನಾನು ಹಾಕಿದ್ದ ಕೊಕ್ಕೆಗೆ ಬಲ ತಿಳಿಯುತ್ತಿತ್ತು, ಹೊತ್ತು ತಿಳಿಯುತ್ತಿರಲಿಲ್ಲ.

ಈಗ ಕೊಕ್ಕೆಯ ಬದಲು ವಿದ್ಯುತ್ಕಾಂತವಿದೆ. ಟೈಮರ್ ಅದನ್ನು 12 ಸೆಕೆಂಡಿಗೆ ಆರಿಸುತ್ತದೆ. ಸೆಂಟಿಮೀಟರಿಗೆ 100 ಗ್ರಾಂ ಏರುವ ಗಟ್ಟಿ ಸ್ಪ್ರಿಂಗಿನಲ್ಲಿ 5ನೆಯ ಸೆಕೆಂಡಿಗೇ ಆರ್3 ಬಿಚ್ಚಿ, ವಿನ್ಕ್ಯುಲಿನ್ ಕೊಂಡಿ ಅದಕ್ಕೆ ಸಿಕ್ಕಿಕೊಂಡು ಆಕ್ಟಿನ್ನಿಗೆ ಎರಡನೆಯ ದಾರ ಬಿಗಿಯುತ್ತದೆ. ಸೆಂಟಿಮೀಟರಿಗೆ 25 ಗ್ರಾಂ ಏರುವ ಮೆತ್ತನೆಯ ಸ್ಪ್ರಿಂಗಿನಲ್ಲಿ 12 ಸೆಕೆಂಡಿಗೆ ಬಲ 300 ಗ್ರಾಂ ಮಾತ್ರ. ಇಂಟೆಗ್ರಿನ್ ಕಳಚುತ್ತದೆ, ಟ್ಯಾಲಿನ್ ಮುಚ್ಚಿಕೊಂಡೇ ಇರುತ್ತದೆ. ಕಕ್ಕಡದ ಮಳೆಗೆ ಮಡಿಕೇರಿಯಲ್ಲಿ ಕರೆಂಟು ಹೋದಾಗಲೆಲ್ಲ ಎಲ್ಲ ಇಂಟೆಗ್ರಿನ್‌ಗಳೂ ಒಟ್ಟಿಗೆ ಕೈಬಿಡುತ್ತವೆ ಎಂಬುದು ಬೇರೆ ಮಾತು. ಮಳೆಯ ತೇವಕ್ಕೆ ಸಿಲ್ವರ್ ಓಕ್ ಉಬ್ಬಿ ಕಟ್ಟುಗಳು ಉಜ್ಜಿಕೊಳ್ಳುವುದರಿಂದ, ಪ್ರತಿ ಓಟಕ್ಕೂ ಮೊದಲು ಆರ್3 ಬಿಚ್ಚುವ ತೂಕವನ್ನು ಮತ್ತೆ ನೋಡಿಕೊಳ್ಳಬೇಕು.

12 ಸೆಕೆಂಡಿನ ಈ ಗಡುವು ನಿಜಕ್ಕೆ ಪೂರ್ತಿ ಒಪ್ಪುವುದಿಲ್ಲ. ಕೋಶದಲ್ಲಿ ಹಿಡಿತ ಬಿಡುವ ಹೊತ್ತು ಪ್ರತಿ ಸಲವೂ ಬೇರೆ. ಅದಲ್ಲದೆ ಆಲ್ಫಾ5ಬೀಟಾ1 ಇಂಟೆಗ್ರಿನ್ನಿನ ಹಿಡಿತವು 10ರಿಂದ 30 ಪಿಕೋನ್ಯೂಟನ್ ನಡುವೆ ಎಳೆದಷ್ಟೂ ಹೆಚ್ಚು ಹೊತ್ತು ನಿಲ್ಲುತ್ತದೆ. ಮುಂದಿನ ಮಾದರಿ ಅದೇ: ಸ್ಪ್ರಿಂಗಿನ ತುದಿಗೆ ಜಾರುವ ಪೊಟೆನ್ಷಿಯೋಮೀಟರ್ ಕಟ್ಟಿ, ಬಲ ಏರಿದಂತೆ ಟೈಮರಿನ ಹೊತ್ತೂ ಏರುವಂತೆ ಮಾಡಬೇಕು. 3 ಕಿಲೋ ಎಳೆತಕ್ಕೆ ಈಗಿನ ಮೋಟಾರ್ ಸಾಲದು; ಅಯಸ್ಕಾಂತದ ಅಂಗಡಿಯಿಂದಂತೂ ಹೊಸದನ್ನು ತರಿಸುವುದಿಲ್ಲ.